ಸಹಿಗೆ ಮುಂಚೆ ಡ್ರಾಯಿಂಗ್‌ನ ದಾರಿ ನೋಡಿ: ಸಣ್ಣ ವರ್ಕ್‌ಶಾಪ್‌ನವರು ಎನ್‌ಡಿಎ ಓದುವ ಬಗೆ

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಣ್ಣ ಮಷಿನ್ ಶಾಪ್ ನಡೆಸುವವರನ್ನು ಕೇಳಿ ನೋಡಿ. ಹೊಸ ಗಿರಾಕಿಯಿಂದ ಬರುವ ಮೊದಲ ಇಮೇಲ್‌ನಲ್ಲಿ ಈಗೀಗ ಡ್ರಾಯಿಂಗ್ ಇರುವುದಿಲ್ಲ, ಎನ್‌ಡಿಎ ಇರುತ್ತದೆ. ಸಹಿ ಮಾಡಿ, ಸೀಲ್ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿದ ಮೇಲೆಯೇ ಡ್ರಾಯಿಂಗ್. ಆರು ಪುಟಗಳ ಒತ್ತೊತ್ತಾದ ಇಂಗ್ಲಿಷು. ಕೊಟೇಶನ್ ಕೊಡಲು ಎರಡೇ ದಿನ ಉಳಿದಿರುತ್ತದೆ. ಕೈಗೆ ಬಂದ ಆರ್ಡರ್ ತಪ್ಪೀತೆಂಬ ಆತಂಕದಲ್ಲಿ ಹೆಚ್ಚಿನವರು ಕೊನೆಯ ಪುಟ ತಿರುಗಿಸಿ ಸಹಿ ಹಾಕುತ್ತಾರೆ. ನನ್ನ ಬಳಿಗೆ ಬರುವುದು ವರ್ಷವೊಂದು ಕಳೆದ ಮೇಲೆ, ಗಿರಾಕಿಯ ವಕೀಲರ ನೋಟಿಸ್ ಕೈಯಲ್ಲಿ ಹಿಡಿದುಕೊಂಡು.

ಗಿರಾಕಿ ಇದನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ದಿಲ್ಲಿ ಹೈಕೋರ್ಟ್ 1987ರಲ್ಲಿ ತೀರ್ಪು ಕೊಟ್ಟ ಜಾನ್ ರಿಚರ್ಡ್ ಬ್ರೇಡಿ ಪ್ರಕರಣವನ್ನೇ ನೋಡಿ. ಒಳಾಂಗಣದಲ್ಲಿ ಹಸಿರು ಮೇವು ಬೆಳೆಸುವ ಒಂದು ಯಂತ್ರಕ್ಕೆ ಥರ್ಮಲ್ ಪ್ಯಾನೆಲ್ ಬೇಕಿತ್ತು. ಅದನ್ನು ಮಾಡಿಸಿಕೊಳ್ಳುವ ಸಲುವಾಗಿ ಯಂತ್ರದ ಡ್ರಾಯಿಂಗ್‌ಗಳನ್ನೂ ತಾಂತ್ರಿಕ ವಿವರಗಳನ್ನೂ ಒಂದು ಭಾರತೀಯ ಕಂಪನಿಗೆ ಕೊಡಲಾಗಿತ್ತು. ಮುಂದೆ ಆ ಕಂಪನಿಯೇ ಮೇವಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಂಬಿಕೆಯ ಮೇಲೆ ಕೊಟ್ಟ ಮಾಹಿತಿಯನ್ನು ಪಡೆದವನು ತನ್ನ ಲಾಭಕ್ಕೆ ಬಳಸಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಡ್ರಾಯಿಂಗ್ ಕೊಡುವವರ ಭಯಕ್ಕೆ ಕಾರಣ ಇದೆ. ಆದರೆ ಆ ಭಯದಿಂದ ಬರೆದ ಕಾಗದ ಡ್ರಾಯಿಂಗ್ ಪಡೆಯುವವನ ದಿನನಿತ್ಯದ ಕೆಲಸವನ್ನೇ ಒಪ್ಪಂದ ಉಲ್ಲಂಘನೆ ಮಾಡಿಬಿಡುತ್ತದೆ. ಅಲ್ಲಿಯೇ ತೊಂದರೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ನಾಲ್ಕು ಸಿಎನ್‌ಸಿ ಮಷಿನ್, ಹನ್ನೆರಡು ಜನ ಇರುವ ಒಂದು ವರ್ಕ್‌ಶಾಪ್. ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಶಾಫ್ಟ್ ಸ್ಲೀವ್ ಬೇಕು, ತಿಂಗಳಿಗೆ 500. ಟರ್ನಿಂಗ್ ಈ ವರ್ಕ್‌ಶಾಪ್‌ನಲ್ಲೇ ಆಗುತ್ತದೆ. ಹೀಟ್ ಟ್ರೀಟ್‌ಮೆಂಟ್ ಹೊರಗೆ, ಗ್ರೈಂಡಿಂಗ್ ಹೊರಗೆ, ಹಾರ್ಡ್ ಕ್ರೋಮ್ ಪ್ಲೇಟಿಂಗ್ ಮತ್ತೊಬ್ಬರ ಹತ್ತಿರ. ಕೊನೆಗೆ ಅಳತೆ ಪರೀಕ್ಷೆಗೆ ಒಂದು ಲ್ಯಾಬ್.

ಎನ್‌ಡಿಎ ಓದುವ ಮೊದಲು ಈ ಮಾಲೀಕರು ಮಾಡಬೇಕಾದ ಕೆಲಸ ಒಂದಿದೆ. ಒಂದು ಹಾಳೆಯ ಮೇಲೆ ಡ್ರಾಯಿಂಗ್ ಓಡಾಡುವ ದಾರಿಯನ್ನು ಬರೆಯಬೇಕು. ಇಮೇಲ್‌ನಲ್ಲಿ ಬಂದ ಪಿಡಿಎಫ್ ಮೊದಲು ಮಾಲೀಕರ ಫೋನ್‌ನಲ್ಲಿ ತೆರೆಯುತ್ತದೆ. ಅಲ್ಲಿಂದ ಪ್ರೋಗ್ರಾಮ್ ಬರೆಯುವ ಹುಡುಗನ ವಾಟ್ಸಾಪ್‌ಗೆ ಹೋಗುತ್ತದೆ. ಪ್ರಿಂಟ್ ತೆಗೆದು ಮಷಿನ್ ಪಕ್ಕ ಅಂಟಿಸುತ್ತಾರೆ. ಹೀಟ್ ಟ್ರೀಟ್‌ಮೆಂಟ್‌ನವರಿಗೆ ಒಂದು ಪ್ರತಿ, ಪ್ಲೇಟಿಂಗ್‌ನವರಿಗೆ ಒಂದು, ಲ್ಯಾಬ್‌ಗೆ ಒಂದು. ಸಾಲಕ್ಕೆ ಅರ್ಜಿ ಹಾಕಿದರೆ ಪರ್ಚೇಸ್ ಆರ್ಡರ್ ಬ್ಯಾಂಕಿಗೆ ಹೋಗುತ್ತದೆ, ವರ್ಷದ ಕೊನೆಗೆ ಎಲ್ಲ ಬಿಲ್ಲುಗಳೂ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ. ಈ ಹಾಳೆ ಪಕ್ಕದಲ್ಲಿದ್ದರೆ ಆರು ಪುಟದ ಇಂಗ್ಲಿಷ್ ಅಷ್ಟೇನೂ ಕಷ್ಟವಲ್ಲ. ಒಪ್ಪಂದದ ಒಂದೊಂದು ಕಲಮಿಗೂ ಕೇಳಬೇಕಾದದ್ದು ಇಷ್ಟೇ: ಈ ದಾರಿಯಲ್ಲಿ ಎಲ್ಲಿ ಅಡ್ಡ ಬರುತ್ತದೆ?

ಮೊದಲ ಪುಟದಲ್ಲಿ ಗೌಪ್ಯ ಮಾಹಿತಿ ಎಂದರೆ ಏನು ಎಂಬ ವ್ಯಾಖ್ಯೆ ಇರುತ್ತದೆ. ಇಡೀ ದಾಖಲೆಯ ಭಾರ ಅದರ ಮೇಲಿದೆ, ಅದಕ್ಕೇ ಹೆಚ್ಚು ಹೊತ್ತು ಕೊಡಬೇಕು. ನಮ್ಮ ಪಂಪ್ ಕಂಪನಿಯ ಕರಡು ಹೇಳುವುದು ಹೀಗೆ: ಕಂಪನಿಯು ಬರಹದಲ್ಲಾಗಲಿ, ಬಾಯಿಮಾತಿನಲ್ಲಾಗಲಿ, ತೋರಿಸುವ ಮೂಲಕವಾಗಲಿ, ಈ ಒಪ್ಪಂದಕ್ಕೆ ಮುಂಚೆಯಾಗಲಿ ಆಮೇಲಾಗಲಿ ತಿಳಿಸಿದ ಎಲ್ಲ ಮಾಹಿತಿ, ಗೌಪ್ಯವೆಂದು ಗುರುತು ಹಾಕಿದ್ದರೂ ಹಾಕದಿದ್ದರೂ, ಮತ್ತು ಅದರಿಂದ ಹುಟ್ಟಿದ ಎಲ್ಲ ಮಾಹಿತಿ.

ಒಂದೇ ವಾಕ್ಯ. ಅದರಲ್ಲಿ ಮೂರು ಕಡೆ ಪೆನ್ಸಿಲ್ ನಿಲ್ಲಬೇಕು. ಗುರುತು ಹಾಕದಿದ್ದರೂ ಗೌಪ್ಯ ಎಂದಾಗ, ಪರ್ಚೇಸ್ ಮ್ಯಾನೇಜರ್ ಫೋನ್‌ನಲ್ಲಿ ಹೇಳಿದ ಮಾತೆಲ್ಲ ಗೌಪ್ಯವಾಗುತ್ತದೆ. ಯಾವುದನ್ನು ಕಾಪಾಡಬೇಕೆಂದು ವರ್ಕ್‌ಶಾಪ್‌ನವರಿಗೆ ತಿಳಿಯುವುದೇ ಇಲ್ಲ. ಇದಕ್ಕೆ ರೂಢಿಯಲ್ಲಿರುವ ಪರಿಹಾರವೆಂದರೆ, ಬರಹದಲ್ಲಿ ಕೊಟ್ಟದ್ದರ ಮೇಲೆ ಗೌಪ್ಯ ಎಂಬ ಗುರುತು ಇರಬೇಕು, ಬಾಯಲ್ಲಿ ಹೇಳಿದ್ದನ್ನು 15 ಅಥವಾ 30 ದಿನದೊಳಗೆ ಇಮೇಲ್‌ನಲ್ಲಿ ದೃಢಪಡಿಸಬೇಕು ಎಂದು ತಿದ್ದುವುದು. ದೊಡ್ಡ ಕಂಪನಿಗಳು ಕೆಲವೊಮ್ಮೆ ಇದಕ್ಕೆ ಒಪ್ಪುವುದಿಲ್ಲ. ಆಗ ಕನಿಷ್ಠ ವ್ಯಾಖ್ಯೆಯನ್ನು ಒಂದು ಉದ್ದೇಶಕ್ಕೆ ಕಟ್ಟಿಹಾಕಬೇಕು: ಶಾಫ್ಟ್ ಸ್ಲೀವ್ ತಯಾರಿಕೆಯ ಕೊಟೇಶನ್ ಮತ್ತು ಪೂರೈಕೆಗಾಗಿ ಕೊಟ್ಟ ಡ್ರಾಯಿಂಗ್, ತ್ರೀಡಿ ಮಾಡೆಲ್, ಮೆಟೀರಿಯಲ್ ಸ್ಪೆಸಿಫಿಕೇಶನ್, ಬೆಲೆ ಮತ್ತು ಪ್ರಮಾಣ. ಇಷ್ಟು ಬರೆದರೆ ಏನು ಒಳಗೆ, ಏನು ಹೊರಗೆ ಎಂಬುದಕ್ಕೆ ಗೆರೆ ಬೀಳುತ್ತದೆ.

ಎರಡನೆಯದು ಒಪ್ಪಂದಕ್ಕೆ ಮುಂಚಿನ ಮಾಹಿತಿ. ಹಿಂದಿನ ತಿಂಗಳೇ ಒಂದು ಸ್ಕೆಚ್ ಬಂದಿದ್ದು, ಅದನ್ನು ಆಗಲೇ ಪ್ಲೇಟಿಂಗ್‌ನವರಿಗೆ ಕಳಿಸಿ ರೇಟು ಕೇಳಿದ್ದರೆ, ಸಹಿ ಹಾಕಿದ ದಿನವೇ ನೀವು ತಪ್ಪಿತಸ್ಥರು. ಈ ಮಾತನ್ನು ತೆಗೆಸಬೇಕು, ಇಲ್ಲವೇ ಹಿಂದೆ ಬಂದ ಕಾಗದಗಳನ್ನು ದಿನಾಂಕ ಸಹಿತ ಪಟ್ಟಿ ಮಾಡಿಸಬೇಕು.

ಮೂರನೆಯದರ ಬಗ್ಗೆ ನನಗೆ ಹೆಚ್ಚು ಕಾಳಜಿ. ಅದರಿಂದ ಹುಟ್ಟಿದ ಎಲ್ಲ ಮಾಹಿತಿ ಎನ್ನುವ ಮಾತು. ಸ್ಲೀವ್‌ನ ಗೋಡೆ ತೆಳು. ಚಕ್‌ನಲ್ಲಿ ಬಿಗಿಹಿಡಿದರೆ ಒತ್ತಡಕ್ಕೆ ಅಂಡಾಕಾರವಾಗುತ್ತದೆ, ಬಿಚ್ಚಿದ ಮೇಲೆ ಅಳತೆ ತಪ್ಪುತ್ತದೆ. ವರ್ಕ್‌ಶಾಪ್‌ನವರು ಒಳಗಿನಿಂದ ಹಿಡಿಯುವ ಒಂದು ಮ್ಯಾಂಡ್ರೆಲ್ ಮಾಡಿಕೊಂಡು, ಯಾವ ಇನ್ಸರ್ಟ್, ಎಷ್ಟು ಸ್ಪೀಡ್, ಎಷ್ಟು ಫೀಡ್ ಎಂದು ವಾರಗಟ್ಟಲೆ ಪ್ರಯೋಗ ಮಾಡಿ ಸರಿಪಡಿಸುತ್ತಾರೆ. ಆ ಮ್ಯಾಂಡ್ರೆಲ್, ಆ ಪ್ರೋಗ್ರಾಮ್, ಆ ಕೈಚಳಕ ಅವರದ್ದು. ಆದರೆ ಕಂಪನಿಯ ಡ್ರಾಯಿಂಗ್‌ನಿಂದ ಹುಟ್ಟಿದ್ದೆಂಬ ಕಾರಣಕ್ಕೆ ಅದೂ ಕಂಪನಿಯ ಗೌಪ್ಯ ಮಾಹಿತಿಯಾಗುತ್ತದೆ. ನಾಳೆ ಬೇರೆ ಗಿರಾಕಿಯ ತೆಳುಗೋಡೆಯ ಕೆಲಸಕ್ಕೆ ಅದೇ ಉಪಾಯ ಬಳಸಿದರೆ ಉಲ್ಲಂಘನೆ. ಇಲ್ಲಿ ಒಂದು ಸಾಲು ಸೇರಿಸಲೇಬೇಕು: ತಯಾರಕರು ರೂಪಿಸಿಕೊಂಡ ತಯಾರಿಕಾ ವಿಧಾನ, ಜಿಗ್, ಫಿಕ್ಸ್ಚರ್, ಪ್ರೋಗ್ರಾಮ್‌ಗಳಲ್ಲಿ ಕಂಪನಿಯ ಡ್ರಾಯಿಂಗ್‌ನ ವಿವರವನ್ನು ಬಹಿರಂಗಪಡಿಸದ ಭಾಗವು ತಯಾರಕರ ಸ್ವತ್ತು. ಆರು ಪುಟಗಳಲ್ಲಿ ಒಂದೇ ಒಂದು ತಿದ್ದುಪಡಿಗೆ ಅವಕಾಶವಿದೆ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಇದರ ಜೊತೆಗೆ ಒಪ್ಪಂದ ಏಕಮುಖವೋ ಪರಸ್ಪರವೋ ಎಂದು ನೋಡಬೇಕು. ವರ್ಕ್‌ಶಾಪ್‌ನವರೂ ಕಂಪನಿಗೆ ಮಾಹಿತಿ ಕೊಡುತ್ತಾರೆ. ಕೊಟೇಶನ್‌ನಲ್ಲಿ ಮೆಟೀರಿಯಲ್ ಎಷ್ಟು, ಮಷಿನ್ ಗಂಟೆಗೆ ಎಷ್ಟು, ಪ್ಲೇಟಿಂಗ್ ಎಷ್ಟು ಎಂದು ಬಿಡಿಸಿ ಕೇಳುತ್ತಾರೆ. ಅದನ್ನೇ ಪಕ್ಕದ ಬೀದಿಯ ವರ್ಕ್‌ಶಾಪ್‌ಗೆ ತೋರಿಸಿ ದರ ಇಳಿಸಿದರೆ ಏಕಮುಖ ಒಪ್ಪಂದದಲ್ಲಿ ಕೇಳುವವರಿಲ್ಲ.

ವ್ಯಾಖ್ಯೆಯ ನಂತರ ಬರುವುದು ವಿನಾಯಿತಿಗಳು, ಅಂದರೆ ಯಾವುದು ಗೌಪ್ಯವಲ್ಲ ಎಂಬ ಕಲಮು. ಸಾಮಾನ್ಯವಾಗಿ ನಾಲ್ಕು ಇರುತ್ತವೆ: ಸಾರ್ವಜನಿಕವಾಗಿ ಗೊತ್ತಿರುವುದು, ಪಡೆದವನಿಗೆ ಮೊದಲೇ ತಿಳಿದಿದ್ದದ್ದು, ಹಕ್ಕಿರುವ ಮೂರನೆಯವರಿಂದ ಬಂದದ್ದು, ಸ್ವತಂತ್ರವಾಗಿ ತಾನೇ ಕಂಡುಕೊಂಡದ್ದು. ನಾಲ್ಕೂ ಇವೆಯೇ ಎಂದು ಎಣಿಸಿ ಮುಂದೆ ಹೋಗುವವರು ಬಹಳ. ಎಣಿಸಿದರೆ ಸಾಲದು, ಒಂದೊಂದರ ಕಾಲವನ್ನೂ ನೋಡಬೇಕು. ನಮ್ಮ ಕರಡಿನಲ್ಲಿ ಮೊದಲನೆಯದು, ಮಾಹಿತಿ ಕೊಟ್ಟ ದಿನದಂದು ಸಾರ್ವಜನಿಕವಾಗಿದ್ದದ್ದು ಎಂದಷ್ಟೇ ಇದೆ. ಆಮೇಲೆ ಬಯಲಾದದ್ದರ ಮಾತಿಲ್ಲ. ಪಂಪ್ ಕಂಪನಿ ಆ ಸೀಲಿಂಗ್ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದೆ ಎಂದುಕೊಳ್ಳಿ. ನಮ್ಮ ದೇಶದಲ್ಲಿ ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಪ್ರಪಂಚಕ್ಕೆಲ್ಲ ತೆರೆದಿಟ್ಟ ವಿವರವನ್ನು ಗೌಪ್ಯವಾಗಿಡುವ ಹೊಣೆ ಈ ವರ್ಕ್‌ಶಾಪ್ ಒಂದರ ಮೇಲೆ ಮಾತ್ರ ಉಳಿಯುತ್ತದೆ. ಪೇಟೆಂಟ್ ಇದ್ದರೆ ಆ ವಿನ್ಯಾಸವನ್ನು ನಕಲು ಮಾಡುವಂತಿಲ್ಲ, ಅದು ಬೇರೆ ಕಾನೂನು. ಗೌಪ್ಯತೆ ಮಾತ್ರ ಅಲ್ಲಿಗೆ ಮುಗಿಯಬೇಕು. ಆದ್ದರಿಂದ, ಪಡೆದವರ ತಪ್ಪಿಲ್ಲದೆ ಆಮೇಲೆ ಸಾರ್ವಜನಿಕವಾದದ್ದು ಎಂಬ ಮಾತನ್ನು ಸೇರಿಸಬೇಕು.

ಇನ್ನೊಂದು ಸಂಗತಿ ರುಜುವಾತಿನದ್ದು. ಮೊದಲೇ ಗೊತ್ತಿತ್ತು ಎನ್ನುವವರು ಲಿಖಿತ ದಾಖಲೆಯಿಂದ ತೋರಿಸಬೇಕು ಎಂದು ಹೆಚ್ಚಿನ ಎನ್‌ಡಿಎಗಳು ಕೇಳುತ್ತವೆ. ಅದು ನ್ಯಾಯವೇ. ಆದರೆ ನಮ್ಮ ವರ್ಕ್‌ಶಾಪ್‌ಗಳಲ್ಲಿ ಅನುಭವ ಇರುವುದು ತಲೆಯಲ್ಲಿ, ಕಾಗದದಲ್ಲಲ್ಲ. ಹತ್ತು ವರ್ಷದಿಂದ ಸ್ಲೀವ್ ಮಾಡುತ್ತಿದ್ದರೂ ಪ್ರೋಸೆಸ್ ಶೀಟ್ ಇರುವುದಿಲ್ಲ. ಸಹಿಗೆ ಮುಂಚೆ ಒಂದು ಸಂಜೆ ಕುಳಿತು, ಹಿಂದೆ ಮಾಡಿದ ಇಂಥ ಕೆಲಸಗಳ ಬಿಲ್ಲು, ಹಳೆಯ ಪ್ರೋಗ್ರಾಮ್ ಫೈಲ್, ಫಿಕ್ಸ್ಚರ್‌ನ ಫೋಟೊ ಎಲ್ಲವನ್ನೂ ಒಟ್ಟುಮಾಡಿ ತಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಲಿ. ಹಳೆಯ ಗಿರಾಕಿಗಳ ಡ್ರಾಯಿಂಗ್‌ಗಳೂ ಗೌಪ್ಯವಾಗಿರಬಹುದು, ಅವುಗಳನ್ನು ಮಾತ್ರ ಹೊಸಬರಿಗೆ ತೋರಿಸಬಾರದು. ಇಮೇಲ್‌ನ ದಿನಾಂಕ ಮುಂದೆ ಸಾಕ್ಷಿಯಾಗಿ ನಿಲ್ಲುತ್ತದೆ.

ಅವಧಿಯ ಕಲಮಿನಲ್ಲಿ ಎರಡು ಲೆಕ್ಕಗಳಿರುತ್ತವೆ, ಜನ ಒಂದನ್ನು ಮಾತ್ರ ಓದುತ್ತಾರೆ. ಒಂದು, ಒಪ್ಪಂದ ಎಷ್ಟು ದಿನ ಜಾರಿಯಲ್ಲಿರುತ್ತದೆ. ಇನ್ನೊಂದು, ಒಪ್ಪಂದ ಮುಗಿದ ಮೇಲೂ ಗುಟ್ಟು ಕಾಯುವ ಹೊಣೆ ಎಷ್ಟು ದಿನ ಉಳಿಯುತ್ತದೆ. 2025ರ ಏಪ್ರಿಲ್ 1ರಂದು ಸಹಿಯಾದ ಎರಡು ವರ್ಷದ ಒಪ್ಪಂದ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಡ್ರಾಯಿಂಗ್ ಬಂದದ್ದು 2025ರ ಮೇ 10ರಂದು. ಮಾಹಿತಿ ಕೊಟ್ಟ ದಿನದಿಂದ ಮೂರು ವರ್ಷ ಎಂದಿದ್ದರೆ ಹೊಣೆ 2028ರ ಮೇ ತಿಂಗಳಲ್ಲಿ ತೀರುತ್ತದೆ. ಒಪ್ಪಂದ ಮುಗಿದ ದಿನದಿಂದ ಮೂರು ವರ್ಷ ಎಂದಿದ್ದರೆ 2030ರ ಮಾರ್ಚ್ ಕೊನೆಯವರೆಗೆ. ಎರಡೂ ಕಡೆ ಕಣ್ಣಿಗೆ ಬೀಳುವುದು ಮೂರು ವರ್ಷ ಎಂಬ ಮಾತೇ, ವ್ಯತ್ಯಾಸ ಸುಮಾರು ಎರಡು ವರ್ಷ. ಇನ್ನು ಒಪ್ಪಂದ ತಾನಾಗಿಯೇ ನವೀಕರಣವಾಗುತ್ತದೆ ಎಂಬ ಸಾಲು ಎಲ್ಲಾದರೂ ಇದ್ದರೆ ಎರಡನೆಯ ಲೆಕ್ಕಕ್ಕೆ ಕೊನೆಯೇ ಇರುವುದಿಲ್ಲ.

ಶಾಶ್ವತವಾಗಿ ಗೌಪ್ಯ ಎಂದು ಬರೆದಿದ್ದರೆ? ಕೆಲವು ಮಾಹಿತಿಗೆ ಅದು ಸರಿಯೇ. ಒಂದು ಮಿಶ್ರಲೋಹದ ಪಾಕ, ಒಂದು ಲೇಪನದ ಸೂತ್ರ ಗುಟ್ಟಾಗಿರುವ ತನಕವೂ ಬೆಲೆಬಾಳುತ್ತದೆ. ಅದನ್ನು ಕೊಡುವವರು ಮೂರು ವರ್ಷಕ್ಕೆ ಒಪ್ಪಿದರೆ ನಾಲ್ಕನೆಯ ವರ್ಷ ಅವರ ಕೈ ಬರಿದಾಗುತ್ತದೆ. ಆದರೆ ಸ್ಲೀವ್‌ನ ಹೊರ ಅಳತೆ ಅಂಥದ್ದಲ್ಲ. ಪಂಪ್ ಮಾರುಕಟ್ಟೆಗೆ ಬಂದ ದಿನ ಯಾರಾದರೂ ಬಿಚ್ಚಿ ವರ್ನಿಯರ್ ಹಿಡಿದು ಅಳೆಯಬಹುದು. ಹಾಗಾಗಿ ಎರಡು ದರ್ಜೆ ಮಾಡಿಸುವುದು ಒಳ್ಳೆಯದು: ವ್ಯಾಪಾರ ರಹಸ್ಯವೆಂದು ಹೆಸರಿಸಿ ಗುರುತಿಸಿದ್ದಕ್ಕೆ ಗುಟ್ಟಾಗಿರುವ ತನಕ, ಉಳಿದದ್ದಕ್ಕೆ ಎರಡೋ ಮೂರೋ ವರ್ಷ.

ಮುಗಿದ ಮೇಲೆ ಎಲ್ಲ ಪ್ರತಿಗಳನ್ನೂ ಹಿಂತಿರುಗಿಸಿ ಅಥವಾ ನಾಶಮಾಡಿ ಪ್ರಮಾಣಪತ್ರ ಕೊಡಬೇಕೆಂಬ ಮಾತೂ ಇಲ್ಲೇ ಬರುತ್ತದೆ. ಅಕ್ಷರಶಃ ಪಾಲಿಸಲು ಇದು ಸಾಧ್ಯವಿಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು, ಬಿಲ್ಲಿನಲ್ಲಿ ಪಾರ್ಟ್ ನಂಬರ್, ಬೆಲೆ, ಪ್ರಮಾಣ ಎಲ್ಲ ಇರುತ್ತವೆ. ಪೀಸ್ ಕೆಟ್ಟಿದೆ ಎಂದು ನಾಳೆ ತಕರಾರು ಬಂದರೆ, ಡ್ರಾಯಿಂಗ್‌ನಲ್ಲಿ ಇದ್ದಂತೆಯೇ ಮಾಡಿದ್ದೇವೆ ಎಂದು ತೋರಿಸಲು ಡ್ರಾಯಿಂಗ್ ಬೇಕು. ಕಾನೂನು ಕೇಳುವ ದಾಖಲೆಗಳನ್ನೂ, ವಿವಾದಕ್ಕೆ ಬೇಕಾಗುವ ಒಂದು ಪ್ರತಿಯನ್ನೂ ಗೌಪ್ಯವಾಗಿಯೇ ಇಟ್ಟುಕೊಳ್ಳಲು ಅನುಮತಿ ಬರೆಯಿಸಿಕೊಳ್ಳಬೇಕು.

ಈಗ ಪಕ್ಕದಲ್ಲಿಟ್ಟ ಹಾಳೆ ನಿಜವಾಗಿ ಕೆಲಸಕ್ಕೆ ಬರುವ ಕಲಮು: ಯಾರಿಗೆ ಹೇಳಬಹುದು. ನಮ್ಮ ಕರಡಿನಲ್ಲಿ, ತಿಳಿಯಲೇಬೇಕಾದ ಅಗತ್ಯವಿರುವ ತನ್ನ ನೌಕರರಿಗೆ ಮಾತ್ರ ಎಂದಿದೆ. ದಾರಿಯ ಜೊತೆ ಹೊಂದಿಸಿ ನೋಡಿ. ಪ್ರೋಗ್ರಾಮ್ ಬರೆಯುವ ಹುಡುಗ ಸಂಬಳದವನಾದರೆ ಸರಿ, ದಿನಗೂಲಿಯವನೋ ಗುತ್ತಿಗೆಯವನೋ ಅಪ್ರೆಂಟಿಸೋ ಆದರೆ ನೌಕರ ಎಂಬ ಮಾತಿನೊಳಗೆ ಬರುವನೇ ಎಂಬುದು ವಾದದ ವಿಷಯ. ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಪ್ಲೇಟಿಂಗ್, ಲ್ಯಾಬ್, ಈ ನಾಲ್ವರೂ ಹೊರಗಿನವರು. ಹಾಗಾದರೆ ಮೊದಲ ಬ್ಯಾಚ್ ಜಾಬ್ ವರ್ಕ್‌ಗೆ ಹೋದ ದಿನವೇ ಒಪ್ಪಂದ ಮುರಿಯುತ್ತದೆ. ಕಂಪನಿಗೂ ಇದು ಗೊತ್ತಿರುತ್ತದೆ, ಪ್ಲೇಟಿಂಗ್ ಹೊರಗೇ ಆಗುವುದೆಂದು ಅವರ ಎಂಜಿನಿಯರ್‌ಗೆ ತಿಳಿಯದೆ ಇಲ್ಲ. ಆದರೆ ಕಾಗದ ಬರೆದವರು ಎಂಜಿನಿಯರ್ ಅಲ್ಲ. ಮನಸ್ತಾಪ ಬಂದ ದಿನ ಕಾಗದವೇ ಮಾತಾಡುತ್ತದೆ.

ಹೊರಗಿನವರಿಗೆ ಕೊಡಲು ಪ್ರತಿ ಸಲ ಲಿಖಿತ ಒಪ್ಪಿಗೆ ಪಡೆಯಬೇಕು ಎಂದು ಕಂಪನಿ ಹೇಳಬಹುದು. ಕೆಲಸ ತುರ್ತಾಗಿರುವಾಗ ಅದು ನಡೆಯುವುದಿಲ್ಲ. ಅದಕ್ಕಿಂತ ಜಾಬ್ ವರ್ಕ್‌ನವರ ಹೆಸರುಗಳನ್ನು ಅನುಬಂಧವಾಗಿ ಸೇರಿಸಿ, ಇವರಿಗೆ ಒಪ್ಪಿಗೆ ಇದೆ, ಬದಲಾದರೆ ಇಮೇಲ್‌ನಲ್ಲಿ ತಿಳಿಸಿದರೆ ಸಾಕು ಎಂದು ಬರೆಯಿಸುವುದು ಸುಲಭ. ಅದರ ಬದಲಿಗೆ ಕಂಪನಿ ಒಂದು ಭರವಸೆ ಕೇಳುತ್ತದೆ: ಅವರೂ ಇಷ್ಟೇ ಕಟ್ಟುನಿಟ್ಟಿನ ಗೌಪ್ಯತೆಗೆ ಬದ್ಧರಾಗಿರಬೇಕು, ಅವರ ತಪ್ಪಿಗೆ ನೀವು ಹೊಣೆ. ಇದನ್ನು ತಳ್ಳಿಹಾಕಲು ಬರುವುದಿಲ್ಲ, ಆದ್ದರಿಂದ ಪಾಲಿಸುವ ದಾರಿ ಹುಡುಕಬೇಕು. ಪ್ಲೇಟಿಂಗ್‌ನವರಿಂದ ಒಂದು ಪುಟದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬಹುದು. ಇನ್ನೂ ಒಳ್ಳೆಯದೆಂದರೆ ಪೂರ್ತಿ ಡ್ರಾಯಿಂಗ್ ಕೊಡದಿರುವುದು. ಪ್ಲೇಟಿಂಗ್‌ಗೆ ಬೇಕಾದದ್ದು ಯಾವ ಮೇಲ್ಮೈ, ಎಷ್ಟು ಮೈಕ್ರಾನ್ ದಪ್ಪ ಎಂಬುದಷ್ಟೇ, ಹೀಟ್ ಟ್ರೀಟ್‌ಮೆಂಟ್‌ಗೆ ಮೆಟೀರಿಯಲ್ ಮತ್ತು ಬೇಕಾದ ಗಡಸುತನ. ಕಂಪನಿಯ ಹೆಸರು ಅವರಿಗೆ ಬೇಕಿಲ್ಲ. ಅಷ್ಟನ್ನೇ ಬಿಡಿಸಿ ಒಂದು ಚಿಕ್ಕ ಸ್ಕೆಚ್ ಮಾಡಿ ಕೊಟ್ಟರೆ ಗುಟ್ಟು ಅರ್ಧಕ್ಕಿಂತ ಹೆಚ್ಚು ನಿಮ್ಮಲ್ಲೇ ಉಳಿಯುತ್ತದೆ.

ಅಕೌಂಟೆಂಟ್, ವಕೀಲರು, ಬ್ಯಾಂಕು, ವಿಮೆಯವರು, ಇವರನ್ನೂ ಪಟ್ಟಿಗೆ ಸೇರಿಸಬೇಕು. ಸರ್ಕಾರ ಅಥವಾ ನ್ಯಾಯಾಲಯ ಕೇಳಿದಾಗ ಕೊಡಬಹುದು ಎಂಬ ಮಾತು ಇದೆಯೇ ನೋಡಬೇಕು. ಇದ್ದಲ್ಲಿ ಸಾಮಾನ್ಯವಾಗಿ ಎರಡು ಷರತ್ತು ಇರುತ್ತವೆ: ಮೊದಲು ಕಂಪನಿಗೆ ತಿಳಿಸಬೇಕು, ಕೇಳಿದಷ್ಟನ್ನೇ ಕೊಡಬೇಕು. ಮೊದಲನೆಯದಕ್ಕೆ, ಕಾನೂನು ಅವಕಾಶ ಕೊಟ್ಟಷ್ಟು ಮಟ್ಟಿಗೆ ಎಂದು ಸೇರಿಸಿ. ಜಿಎಸ್‌ಟಿ ಅಧಿಕಾರಿಗಳು ಬಾಗಿಲಲ್ಲಿ ನಿಂತಿರುವಾಗ ಹತ್ತು ದಿನದ ನೋಟಿಸ್ ಕೊಡಲು ಆಗುವುದಿಲ್ಲ. ಇನ್ನು ಅಪರಾಧವನ್ನು ಪೊಲೀಸರಿಗೋ ಕಾರ್ಮಿಕ ಇಲಾಖೆಗೋ ತಿಳಿಸದಂತೆ ಯಾವ ಎನ್‌ಡಿಎಯೂ ಬಾಯಿ ಕಟ್ಟಲಾರದು. ಕಾನೂನಿಗೆ ವಿರುದ್ಧವಾದ ಉದ್ದೇಶದ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಮಿನಡಿ ನಿಲ್ಲುವುದಿಲ್ಲ.

ಕೊನೆಯ ಪುಟಗಳಲ್ಲಿ ಗೌಪ್ಯತೆಗೆ ಸಂಬಂಧವಿಲ್ಲದ ಸಾಲುಗಳು ಸೇರಿಕೊಂಡಿರುತ್ತವೆ. ಐದು ವರ್ಷ ಬೇರೆ ಯಾವ ಪಂಪ್ ಕಂಪನಿಗೂ ಕೆಲಸ ಮಾಡಬಾರದು ಎಂಬುದು ಅಂಥ ಒಂದು. ಅದೇ ಕಾಯ್ದೆಯ 27ನೇ ಕಲಮು ವ್ಯಾಪಾರಕ್ಕೆ ತಡೆಯೊಡ್ಡುವ ಕರಾರನ್ನು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ. ಆದರೂ ಕೋರ್ಟಿಗೆ ಹೋಗಿ ಗೆಲ್ಲುವುದಕ್ಕಿಂತ ಈಗಲೇ ಅಡ್ಡಗೆರೆ ಎಳೆಸುವುದು ಅಗ್ಗ. ಉಲ್ಲಂಘನೆಗೆ 50 ಲಕ್ಷ ದಂಡ ಎಂಬಂಥ ಸಾಲೂ ಇರಬಹುದು. 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರ. ಹಾಗೆಂದು 50 ಲಕ್ಷದ ಅಂಕಿಯನ್ನು ಬಿಟ್ಟು ಸಹಿ ಹಾಕಬೇಡಿ, ಆರ್ಡರ್‌ನ ಮೌಲ್ಯಕ್ಕೆ ಮಿತಿಗೊಳಿಸಿ ಎಂದು ಕೇಳಿ. ವಿವಾದ ಎಲ್ಲಿ ತೀರ್ಮಾನವಾಗಬೇಕು ಎಂದೂ ನೋಡಿ. ಪೀಣ್ಯದ ಕೆಲಸಕ್ಕೆ ಗುರುಗ್ರಾಮದಲ್ಲಿ ಮಧ್ಯಸ್ಥಿಕೆ ಎಂದರೆ ಓಡಾಟದ ಖರ್ಚಿಗೇ ಸೋಲು.

ತಿದ್ದುಪಡಿ ಕೇಳಿದರೆ ಆರ್ಡರ್ ಹೋಗುತ್ತದೆ ಎಂಬ ಹೆದರಿಕೆ ನಾನು ನೋಡಿದಷ್ಟರಲ್ಲಿ ಬಹುಪಾಲು ಹುಸಿ. ವಕೀಲರ ಭಾಷೆಯಲ್ಲಿ ಆರು ಪುಟಕ್ಕೆ ಹನ್ನೆರಡು ಪುಟದ ಉತ್ತರ ಕಳಿಸಿದರೆ ಕಂಪನಿಯ ಪರ್ಚೇಸ್‌ನವರಿಗೆ ಬೇಸರವಾದೀತು. ಅದರ ಬದಲು ವರ್ಡ್ ಫೈಲ್‌ನಲ್ಲಿ ಬದಲಾವಣೆ ಕಾಣುವಂತೆ ನಾಲ್ಕೈದು ಕಡೆ ತಿದ್ದಿ, ಪ್ರತಿಯೊಂದಕ್ಕೂ ಕೆಲಸದ ಕಾರಣ ಬರೆಯಿರಿ: ಕ್ರೋಮ್ ಪ್ಲೇಟಿಂಗ್ ನಮ್ಮಲ್ಲಿಲ್ಲ, ಇವರ ಹತ್ತಿರ ಮಾಡಿಸುತ್ತೇವೆ, ಅದಕ್ಕೆ ಈ ಅನುಬಂಧ. ಹೀಗೆ ಬರೆದದ್ದನ್ನು ಕಂಪನಿಯ ಎಂಜಿನಿಯರೇ ತಮ್ಮ ಕಾನೂನು ವಿಭಾಗಕ್ಕೆ ವಿವರಿಸುತ್ತಾರೆ. ಬಾಯಿಮಾತಿನಲ್ಲಿ, ಅದೆಲ್ಲ ಫಾರ್ಮಾಲಿಟಿ ಸರ್, ನಾವು ಯಾವತ್ತೂ ಬಳಸುವುದಿಲ್ಲ ಎಂದು ಹೇಳಿದರೆ, ಅದನ್ನೇ ಇಮೇಲ್‌ನಲ್ಲಿ ಹಾಕಿ ಎಂದು ಕೇಳಿ.

ವ್ಯಾಪಾರ ರಹಸ್ಯಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ಕೊಟ್ಟ ತನ್ನ 289ನೇ ವರದಿಯಲ್ಲಿ ಅಂಥದ್ದೊಂದು ಬೇಕೆಂದು ಶಿಫಾರಸು ಮಾಡಿದೆ. ಸದ್ಯಕ್ಕೆ ವಿವಾದ ಬಂದಾಗ ನ್ಯಾಯಾಧೀಶರು ಮೊದಲು ಕೈಗೆತ್ತಿಕೊಳ್ಳುವುದು ನೀವು ಸಹಿ ಹಾಕಿದ ಕಾಗದವನ್ನು. ಎರಡೂ ಕಡೆಯವರು ಸಹಿ ಮಾಡಿದ ಪ್ರತಿಯನ್ನು, ಅನುಬಂಧದ ಸಮೇತ, ಕಂಪನಿಯಿಂದ ಕೇಳಿ ಪಡೆದು ಆರ್ಡರ್ ಫೈಲ್‌ನಲ್ಲೇ ಇಡಿ. ಹೊಣೆ ಮುಗಿಯುವ ದಿನಾಂಕವನ್ನು ಫೈಲ್‌ನ ಮೇಲೆಯೇ ಬರೆದಿಡಿ.